ಜೂನ್ 31 ಎಂಬ ತಾರೀಕು: ಒಂದು ರಾಜೀನಾಮೆ ಇಮೇಲ್ ತಿದ್ದಿದ ಅನುಭವ

ನಮ್ಮ ಬೀದಿಯ ಹುಡುಗಿಯೊಬ್ಬಳು ಪತ್ತಿನ ಸಹಕಾರ ಸಂಘವೊಂದರಲ್ಲಿ ಅಕೌಂಟೆಂಟ್ ಆಗಿದ್ದಳು. ನಾನು ಮೈಸೂರಿನ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತೇನೆ. 2024ರ ಮೇ 30ರ ಸಂಜೆ ಅವಳು ಫೋನ್ ಹಿಡಿದುಕೊಂಡು ಬಂದಳು. "ಅಕ್ಕಾ, ನಾಳೆ ರಾಜೀನಾಮೆ ಮೇಲ್ ಕಳಿಸ್ಬೇಕು. ಕಾಗುಣಿತ ಒಂಚೂರು ನೋಡ್ಕೊಡಿ. ಚಿಕ್ಕದೇ ಇದೆ" ಅಂದಳು.

ಚಿಕ್ಕದೇ ಇತ್ತು. ಅವಳು ಬರೆದಿದ್ದನ್ನು, ಅವಳ ಒಪ್ಪಿಗೆ ಕೇಳಿಯೇ, ಇದ್ದ ಹಾಗೇ ಇಲ್ಲಿ ಕೊಡುತ್ತಿದ್ದೇನೆ.

ವಿಷಯ: 31-06-2024 ರಿಂದ ರಾಜಿನಾಮೆ ಬಗ್ಗೆ

ಮಾನ್ಯ ಕಾರ್ಯದರ್ಶಿಗಳೆ

ನಾನು ಸಂಘದಲ್ಲಿ 2018 ರಿಂದ ಅಕೌಂಟೆಂಟ್ ಹಾಗಿ ಕೆಲಸ ಮಾಡುತ್ತಿದ್ದು ವಯಕ್ತಿಕ ಕಾರಣದಿಂದ ನನ್ನ ಉದ್ಯೊಗಕ್ಕೆ ರಾಜಿನಾಮೆ ನೀಡುತ್ತಿದ್ದೇನೆ ,ನೇಮಕಾತಿ ಆದೇಶದ ಪ್ರಕಾರ ಒಂದು ತಿಂಗಳು ಮುಂಚೆ ತಿಳಿಸಬೇಕಾಗಿದ್ದು ನನ್ನ ಕೊನೆಯ ದಿನ 31-06-2024 ಹಾಗಿರುತ್ತದೆ.

ತೇವಣಿ ಖಾತೆಗಳ ಬಡ್ಡಿ ಲೆಕ್ಕ ಮುಗಿದಿದೆ. ನಗದು ಪುಸ್ತಕ ತಾಳೆ ಆಗಿದೆ ಏಪ್ರಿಲ್ ಕೊನೆಯವರೆಗೆ ಪಿಗ್ಮಿ ಲೆಕ್ಕ ತಾಳೆ ಆಗಿಲ್ಲ ಉಲಿದ ಕೆಲಸ ಹೊಸಬರಿಗೆ ಅಸ್ತಾಂತರ ಮಾಡಿ ಹೋಗುತ್ತೇನೆ. ನನಗೆ ಬರಬೇಕಾದ ಸಂಬಳ ಮತ್ತು ಪ್ರೋತ್ಸಾಹ ದನ 18500 ರೂ ಕೊಡಿಸಬೇಕಾಗಿ ವಿನಂತಿ.

ಇಲ್ಲಿಯವರೆಗೆ ಸಹಕರಿಸಿದ ಅದ್ಯಕ್ಷರು ನಿರ್ದೇಶಕರು ಸಿಬ್ಬಂದಿಗಳಿಗೆ ದನ್ಯವಾದಗಳು!!

ಮೊದಲ ಸಲ ಓದುವಾಗ ನಾನು ಏನನ್ನೂ ತಿದ್ದುವುದಿಲ್ಲ. ಪೆನ್ನನ್ನೂ ಹಿಡಿಯುವುದಿಲ್ಲ. ಪತ್ರ ಯಾರಿಗೆ ಹೋಗುತ್ತೆ, ಓದಿದವರು ಇದನ್ನು ಇಟ್ಟುಕೊಂಡು ಏನು ಮಾಡ್ತಾರೆ ಅನ್ನೋದು ಮೊದಲು ಗೊತ್ತಾಗಬೇಕು. ಈ ಪತ್ರ ಕಾರ್ಯದರ್ಶಿಯ ಹತ್ತಿರ ಹೋಗುತ್ತೆ. ಅಲ್ಲಿಂದ ಆಡಳಿತ ಮಂಡಳಿಯ ಮುಂದೆ ಬರುತ್ತೆ. ಆಮೇಲೆ ಅವಳ ಫೈಲಿನಲ್ಲಿ ಕೂರುತ್ತೆ. ಮುಂದೆ ಯಾವಾಗಲೋ ಲೆಕ್ಕ ಪರಿಶೋಧಕರು ಬಂದು, "ಆಗ ಅಕೌಂಟ್ಸ್ ನೋಡ್ತಿದ್ದವರು ಯಾರು? ಯಾವ ಸ್ಥಿತಿಯಲ್ಲಿ ಪುಸ್ತಕ ಬಿಟ್ಟು ಹೋದ್ರು?" ಅಂತ ಕೇಳಿದರೆ ಈ ಕಾಗದವೇ ಹೊರಗೆ ಬರೋದು. ಆಗ ಅವಳು ಅಲ್ಲಿರುವುದಿಲ್ಲ. ಅರ್ಥ ಬಿಡಿಸಿ ಹೇಳೋಕೆ ಯಾರೂ ಇರುವುದಿಲ್ಲ.

ಹಾಗಾಗಿ ಈ ಪತ್ರದ ತಪ್ಪುಗಳನ್ನು ನಾನು ಎರಡು ಬಗೆ ಮಾಡಿಕೊಂಡೆ. ಅಕ್ಷರದ ತಪ್ಪುಗಳನ್ನು ನಾನೇ ತಿದ್ದಬಹುದು, ಕೇಳುವ ಅಗತ್ಯವಿಲ್ಲ. ತಾರೀಕು, ದುಡ್ಡು, ಜವಾಬ್ದಾರಿ ಈ ಮೂರರಲ್ಲಿ ಯಾವುದಕ್ಕಾದರೂ ತಾಗುವ ತಪ್ಪಾದರೆ ನಾನು ಕೈ ಇಡಬಾರದು. ಅವಳನ್ನೇ ಕೇಳಬೇಕು. ಸರಿ ಯಾವುದು ಅಂತ ನನಗೆ ಎಷ್ಟೇ ಖಾತ್ರಿಯಾಗಿ ಕಂಡರೂ ಕೇಳಬೇಕು.

ಅಕ್ಷರದ ತಪ್ಪುಗಳಿಂದ ಶುರು ಮಾಡಿದೆ. ಇವು ಎಲ್ಲೆಲ್ಲೋ ಚೆಲ್ಲಿದ ಹಾಗೆ ಕಂಡರೂ ಹಾಗಿರುವುದಿಲ್ಲ, ಗುಂಪು ಗುಂಪಾಗಿ ಬರುತ್ತವೆ. ಒಂದು ತಪ್ಪು ಸಿಕ್ಕಿದರೆ ಅದು ಯಾಕೆ ಬಂತು ಅಂತ ಯೋಚಿಸಬೇಕು. ಕಾರಣ ಗೊತ್ತಾದರೆ ಅದರ ಜೊತೆಯವು ಎಲ್ಲಿ ಇರುತ್ತವೆ ಅನ್ನೋದೂ ಗೊತ್ತಾಗುತ್ತೆ.

ಅವಳ ಊರು ಮಂಡ್ಯದ ಕಡೆ. ಅಲ್ಲಿನ ಮಾತಿನಲ್ಲಿ "ಹ" ತುಂಬಾ ಕಡೆ ಬಿದ್ದು ಹೋಗುತ್ತೆ. ಹಾಲು ಆಲಾಗುತ್ತೆ, ಹೋಗು ಓಗು ಆಗುತ್ತೆ. ಮಾತಿನಲ್ಲಿ ಅದು ತಪ್ಪಲ್ಲ, ಆ ಊರಿನ ಮಾತೇ ಹಾಗೆ. ಆದರೆ ಬರೆಯುವಾಗ "ಹಸ್ತಾಂತರ" ಹೋಗಿ "ಅಸ್ತಾಂತರ" ಆಗಿದೆ. ಇದರ ಇನ್ನೊಂದು ಮುಖವನ್ನು ಹೊಸಬರು ಹುಡುಕುವುದೇ ಇಲ್ಲ. ತನಗೆ "ಹ" ತಪ್ಪುತ್ತೆ ಅಂತ ಗೊತ್ತಿರುವವರು ಬರೆಯುವಾಗ ಎಚ್ಚರ ಜಾಸ್ತಿ ಮಾಡಿ, ಬೇಡದ ಕಡೆಯೂ ಸೇರಿಸಿಬಿಡುತ್ತಾರೆ. "ಅಕೌಂಟೆಂಟ್ ಹಾಗಿ", "ಹಾಗಿರುತ್ತದೆ" ಎರಡೂ ಹಾಗೆ ಬಂದವು. "ಅಸ್ತಾಂತರ" ಕಂಡ ಕೂಡಲೇ ನಾನು ಪತ್ರದಲ್ಲಿರುವ ಪ್ರತಿ "ಹ"ವನ್ನೂ, "ಅ", "ಆ"ದಿಂದ ಶುರುವಾಗುವ ಪ್ರತಿ ಪದವನ್ನೂ ಬೆರಳಿಟ್ಟು ನೋಡಿಕೊಂಡು ಹೋದೆ. ಅದೇ ಎಳೆಯಲ್ಲಿ "ಉಲಿದ" ಸಿಕ್ಕಿತು. "ಳ" ಇರಬೇಕಾದ ಕಡೆ "ಲ".

ಎರಡನೇ ಗುಂಪು ಮಹಾಪ್ರಾಣದ್ದು. ತೇವಣಿ, ದನ, ಅದ್ಯಕ್ಷರು, ದನ್ಯವಾದಗಳು. ಇದಕ್ಕೆ ಮಾತು ಅರ್ಧ ಕಾರಣ, ಫೋನು ಅರ್ಧ ಕಾರಣ. ಅವಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಬೋರ್ಡ್ ಬಳಸುತ್ತಾಳೆ. ಅದರಲ್ಲಿ "ಧ" ಬೇಕಾದರೆ "ಡಿ" ಜೊತೆಗೆ "ಎಚ್" ಕೂಡ ಒತ್ತಬೇಕು. ಅವಸರದಲ್ಲಿ "ಎಚ್" ಬಿಟ್ಟರೆ "ದ" ಬರುತ್ತೆ. ಫೋನು ಕೆಳಗೆ ಕೆಲವು ಪದಗಳನ್ನು ತೋರಿಸುತ್ತೆ ನಿಜ, ಆದರೆ ಬರೆಯುವವರ ಗಮನ ಮುಂದಿನ ಮಾತಿನ ಮೇಲಿರುತ್ತೆ. ಮೊದಲು ಬಂದದ್ದನ್ನೇ ಒತ್ತಿ ಮುಂದಕ್ಕೆ ಹೋಗ್ತಾರೆ.

ಈ ನಾಲ್ಕರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು "ಪ್ರೋತ್ಸಾಹ ದನ". ಯಾಕೆಂದರೆ "ದನ" ಅನ್ನೋದು ಸರಿಯಾದ ಪದವೇ. "ಉಲಿದ" ಕೂಡ ಸರಿಯಾದ ಪದವೇ, ಮಾತಾಡಿದ, ದನಿ ಮಾಡಿದ ಅಂತ ಅರ್ಥ. ಇಂಥ ಕಡೆ ಕಾಗುಣಿತ ನೋಡುವ ಸಾಮಾನ್ಯ ತಂತ್ರಾಂಶ ಕೆಂಪು ಗೆರೆ ಎಳೆಯುವುದಿಲ್ಲ. ಅದಕ್ಕೆ ಪದ ಇದೆಯೋ ಇಲ್ಲವೋ ಅನ್ನೋದಷ್ಟೇ ಲೆಕ್ಕ. ಅಲ್ಲಿ ಆ ಪದ ಸಲ್ಲುತ್ತೋ ಇಲ್ಲವೋ ಅನ್ನೋದನ್ನ ಕಣ್ಣೇ ನೋಡಬೇಕು. "ಪ್ರೋತ್ಸಾಹ" ಮತ್ತು "ಧನ" ನಡುವೆ ಜಾಗ ಬಿಟ್ಟಿದ್ದರಿಂದ ಇದು ಇನ್ನೂ ಅಡಗಿ ಕೂತಿತ್ತು. ಕೂಡಿಸಿ "ಪ್ರೋತ್ಸಾಹಧನ" ಅಂತ ಒಂದೇ ಪದವಾಗಿ ಬರೆದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತು.

ಮೂರನೆಯದು ದೀರ್ಘದ ಗುಂಪು: ರಾಜಿನಾಮೆ, ಉದ್ಯೊಗ, ಕಾರ್ಯದರ್ಶಿಗಳೆ. "ರಾಜಿ" ಅಂದರೆ ಒಪ್ಪಂದಕ್ಕೆ ಬರೋದು, ಅದು ಹ್ರಸ್ವ. "ರಾಜೀನಾಮೆ"ಯಲ್ಲಿ ದೀರ್ಘ. ಸಾಲ ವಸೂಲಿಯ ತಕರಾರುಗಳಲ್ಲಿ "ರಾಜಿ" ದಿನಾ ಬರೆಯುವ ಕೈ ಇಲ್ಲಿಯೂ ಹ್ರಸ್ವವನ್ನೇ ಬರೆದಿತ್ತು. ಪತ್ರದ ಮುಖ್ಯ ಪದವೇ ಇದು, ಮೊದಲ ಸಾಲಿನಲ್ಲೇ ಇದೆ. "ವಯಕ್ತಿಕ" ಒಂಟಿ ತಪ್ಪು. "ವೈಯಕ್ತಿಕ" ಸರಿ. ಇದನ್ನು "ವೈಯುಕ್ತಿಕ" ಅಂತ ಬರೆಯುವವರೂ ಬಹಳ ಜನ ಇದ್ದಾರೆ.

"2018 ರಿಂದ" ಅನ್ನೋದರಲ್ಲಿ ಜಾಗ ತೆಗೆದೆ. ಪ್ರತ್ಯಯ ಅಂಕಿಗೆ ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಫೋನಿನ ಪರದೆಯಲ್ಲಿ "2018" ಒಂದು ಸಾಲಿನ ಕೊನೆಗೂ "ರಿಂದ" ಮುಂದಿನ ಸಾಲಿಗೂ ಬಿದ್ದು ಹೋಗುತ್ತೆ. "ಸಿಬ್ಬಂದಿಗಳಿಗೆ" ಅನ್ನೋದನ್ನು "ಸಿಬ್ಬಂದಿಗೆ" ಮಾಡಿದೆ. ಸಿಬ್ಬಂದಿ ಅಂದರೇ ಎಲ್ಲರೂ ಸೇರಿದ ಹಾಗೆ. ಕೊನೆಯ ಎರಡು ಆಶ್ಚರ್ಯ ಚಿಹ್ನೆ ತೆಗೆದು ಪೂರ್ಣವಿರಾಮ ಹಾಕಿದೆ. ಅವಳಿಗೆ ಸ್ವಲ್ಪ ಬೇಜಾರಾಯಿತು. "ಖುಷಿಯಿಂದ ಹೇಳಿದ ಹಾಗಿರ್ಲಿ ಅಂತ ಹಾಕಿದ್ದು ಅಕ್ಕ" ಅಂದಳು. ರಾಜೀನಾಮೆಯ ಕೊನೆಗೆ ಎರಡು ಆಶ್ಚರ್ಯ ಚಿಹ್ನೆ ಬಂದರೆ, ಬಿಟ್ಟು ಹೋಗುವ ಖುಷಿ ಅಂತ ಓದಿಕೊಳ್ಳುವವರೂ ಇರ್ತಾರೆ ಅಂದೆ. ಒಪ್ಪಿದಳು.

"ಅಕೌಂಟೆಂಟ್" ಅನ್ನೋದನ್ನ "ಲೆಕ್ಕಿಗ" ಮಾಡಲಿಲ್ಲ. ಅವಳ ನೇಮಕಾತಿ ಆದೇಶದಲ್ಲಿ ಹುದ್ದೆಯ ಹೆಸರು ಅಕೌಂಟೆಂಟ್ ಅಂತಲೇ ಇದೆ. ಎರಡೂ ಕಾಗದದಲ್ಲಿ ಒಂದೇ ಹೆಸರಿರಬೇಕು. "ಕೊಡಿಸಬೇಕಾಗಿ ವಿನಂತಿ" ಅನ್ನೋದನ್ನೂ ಮುಟ್ಟಲಿಲ್ಲ. ನಾನಾಗಿದ್ದರೆ ಬೇರೆ ಥರ ಬರೆಯುತ್ತಿದ್ದೆ, ಆದರೆ ಪತ್ರ ನನ್ನದಲ್ಲ. ಅಲ್ಲಿ ತಪ್ಪೂ ಇಲ್ಲ. ಕರಡು ತಿದ್ದುವವರು ಬರೆದವರ ದನಿಯನ್ನು ಅಳಿಸಿಬಿಟ್ಟರೆ, ಆರು ವರ್ಷ ಜೊತೆಗೆ ಕೆಲಸ ಮಾಡಿದವರಿಗೆ "ಇದನ್ನ ಬೇರೆ ಯಾರೋ ಬರೆದುಕೊಟ್ಟಿದ್ದಾರೆ" ಅಂತ ಮೊದಲ ಸಾಲಿಗೇ ತಿಳಿದುಹೋಗುತ್ತೆ.

ಇಷ್ಟಾದ ಮೇಲೆ ಅವಳು ಏಳೋಕೆ ಹೊರಟಳು. ನಾನು ಕೂರಿಸಿದೆ. ಅಸಲಿ ಕೆಲಸ ಇನ್ನೂ ಶುರುವಾಗಿರಲಿಲ್ಲ.

"ಇದೊಂದು ಸಾಲು ಓದು" ಅಂತ ನಗದು ಪುಸ್ತಕದ ಸಾಲು ತೋರಿಸಿದೆ. "ನಗದು ಪುಸ್ತಕ ತಾಳೆ ಆಗಿದೆ ಏಪ್ರಿಲ್ ಕೊನೆಯವರೆಗೆ ಪಿಗ್ಮಿ ಲೆಕ್ಕ ತಾಳೆ ಆಗಿಲ್ಲ ಉಲಿದ ಕೆಲಸ..." ಅವಳು ಗಡಗಡ ಓದಿದಳು. ಅವಳ ಬಾಯಲ್ಲಿ ಎಲ್ಲವೂ ಸರಿಯಾಗೇ ಇತ್ತು, ಯಾಕೆಂದರೆ ಎಲ್ಲಿ ಉಸಿರು ನಿಲ್ಲಿಸಬೇಕು ಅಂತ ಅವಳಿಗೆ ಗೊತ್ತು. ಬರಹದಲ್ಲಿ ಮಾತ್ರ ಆ ನಿಲುಗಡೆ ಎಲ್ಲೂ ಇಲ್ಲ.

ಅದೇ ಸಾಲನ್ನು ಕಾಗದದ ಮೇಲೆ ಎರಡು ಸಲ ಬರೆದೆ. ಒಂದರಲ್ಲಿ "ತಾಳೆ ಆಗಿದೆ" ಆದ ಮೇಲೆ ಪೂರ್ಣವಿರಾಮ ಇಟ್ಟೆ. "ನಗದು ಪುಸ್ತಕ ತಾಳೆ ಆಗಿದೆ. ಏಪ್ರಿಲ್ ಕೊನೆಯವರೆಗೆ ಪಿಗ್ಮಿ ಲೆಕ್ಕ ತಾಳೆ ಆಗಿಲ್ಲ." ಅಂದರೆ ನಗದು ಇವತ್ತಿನವರೆಗೂ ಸರಿ ಇದೆ, ಪಿಗ್ಮಿ ಮಾತ್ರ ಏಪ್ರಿಲ್ ತನಕದ್ದೂ ಸರಿ ಇಲ್ಲ. ಇನ್ನೊಂದರಲ್ಲಿ "ಕೊನೆಯವರೆಗೆ" ಆದ ಮೇಲೆ ಇಟ್ಟೆ. "ನಗದು ಪುಸ್ತಕ ತಾಳೆ ಆಗಿದೆ ಏಪ್ರಿಲ್ ಕೊನೆಯವರೆಗೆ. ಪಿಗ್ಮಿ ಲೆಕ್ಕ ತಾಳೆ ಆಗಿಲ್ಲ." ಈಗ ನಗದು ಏಪ್ರಿಲ್ ತನಕ ಸರಿ ಇದೆ, ಪಿಗ್ಮಿಯದ್ದು ಯಾವ ಕಾಲದಿಂದ ಬಾಕಿಯೋ ಗೊತ್ತೇ ಇಲ್ಲ. ನಾವು ಮಾತಾಡುವಾಗ ಕ್ರಿಯಾಪದ ಮುಗಿದ ಮೇಲೂ "ಏಪ್ರಿಲ್ ವರೆಗೆ" ಅಂತ ಸೇರಿಸುತ್ತೇವಲ್ಲ, ಅದಕ್ಕೇ ಎರಡೂ ಓದು ಸಹಜವಾಗೇ ಕಾಣುತ್ತೆ.

"ಇದರಲ್ಲಿ ಯಾವುದು ನಿಜ?" ಅಂದೆ.

ಎರಡನ್ನೂ ನೋಡಿದಳು. "ಎರಡೂ ಅಲ್ಲ ಅಕ್ಕ. ನಗದೂ ಪಿಗ್ಮಿನೂ ಎರಡೂ ಏಪ್ರಿಲ್ ಕೊನೆ ತನಕ ಆಗಿದೆ. ನಗದು ದಿನಾ ಸಂಜೆ ನೋಡ್ತೀವಿ, ಅದು ಇವತ್ತಿನವರೆಗೂ ಸರಿ ಇದೆ. ಮೇ ತಿಂಗಳ ಪಿಗ್ಮಿ ಒಂದೇ ಇರೋದು."

ಸುಮ್ನೆ ಒಂದು ಪೂರ್ಣವಿರಾಮ ಇಟ್ಟು ಕಳಿಸಿದ್ದರೆ, ಎಲ್ಲಿ ಇಟ್ಟರೂ ಸುಳ್ಳಾಗುತ್ತಿತ್ತು. ವಾಕ್ಯ ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು.

ಅಷ್ಟಕ್ಕೇ ಬಿಡಲಿಲ್ಲ. "ತಾಳೆ ಆಗಿಲ್ಲ ಅಂದ್ರೆ, ನೋಡಿದೀಯ, ವ್ಯತ್ಯಾಸ ಬಂದಿದೆ ಅಂತಾನಾ? ಇಲ್ಲ ಇನ್ನೂ ನೋಡೇ ಇಲ್ಲ ಅಂತಾನಾ?" ಅಂತ ಕೇಳಿದೆ. ಅವಳ ಮುಖ ಬದಲಾಯಿತು. ಅಕೌಂಟ್ಸ್ ಕೆಲಸದಲ್ಲಿರುವವರಿಗೆ ಈ ಎರಡರ ನಡುವೆ ಎಷ್ಟು ದೂರ ಅಂತ ಹೇಳಬೇಕಾಗಿಲ್ಲ. ವ್ಯತ್ಯಾಸ ಬಂದಿದೆ ಅಂದರೆ ದುಡ್ಡು ಹೆಚ್ಚೋ ಕಡಿಮೆಯೋ ಆಗಿದೆ, ಯಾರೋ ಉತ್ತರ ಹೇಳಬೇಕು.

"ಅಯ್ಯೋ, ಇನ್ನೂ ಮಾಡೇ ಇಲ್ಲ ಅಕ್ಕ. ತಿಂಗಳೇ ಮುಗಿದಿಲ್ವಲ್ಲ."

ಪಿಗ್ಮಿ ಲೆಕ್ಕ ತಡವಾಗೋದಕ್ಕೆ ಒಳ್ಳೆಯ ಕಾರಣವೇ ಇದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ನಮ್ಮ ಕರಾವಳಿಯಲ್ಲಿ ಶುರು ಮಾಡಿದ ಪದ್ಧತಿ ಇದು. ಏಜೆಂಟರು ಅಂಗಡಿ ಅಂಗಡಿಗೆ ಹೋಗಿ ದಿನಾ ಚಿಲ್ಲರೆ ಮೊತ್ತ ಕಟ್ಟಿಸಿಕೊಂಡು ಬರ್ತಾರೆ. ಇವತ್ತು ಸಂಜೆ ಕಟ್ಟಿಸಿಕೊಂಡದ್ದು ಕಚೇರಿಗೆ ನಾಳೆ ಬರುತ್ತೆ. ಹಾಗಾಗಿ ತಿಂಗಳ ಕೊನೆಯ ದಿನದ್ದು ಮುಂದಿನ ತಿಂಗಳ ಮೊದಲ ದಿನ ಕೈಗೆ ಸಿಗುತ್ತೆ. ಪ್ರತಿ ಏಜೆಂಟರ ಪಟ್ಟಿಯನ್ನೂ ಖಾತೆಗಳ ಜೊತೆ ಒಂದೊಂದಾಗಿ ಹೋಲಿಸಬೇಕು. ಮೇ 30ರಂದು ಮೇ ತಿಂಗಳ ಪಿಗ್ಮಿ ಮುಗಿದಿಲ್ಲ ಅನ್ನೋದು ತಪ್ಪೇ ಅಲ್ಲ. ಆದರೆ "ತಾಳೆ ಆಗಿಲ್ಲ" ಅಂತ ಬರೆದಾಗ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸುತ್ತೆ. ಅವಳೇ ಹೇಳಿದ ಮಾತನ್ನು ಇಟ್ಟುಕೊಂಡು ಸಾಲನ್ನು ಬಿಡಿಸಿ ಬರೆದೆವು: "ನಗದು ಪುಸ್ತಕ ಇಂದಿನವರೆಗೆ ತಾಳೆಯಾಗಿದೆ. ಪಿಗ್ಮಿ ಲೆಕ್ಕ ಏಪ್ರಿಲ್ ಕೊನೆಯವರೆಗೆ ತಾಳೆಯಾಗಿದೆ. ಮೇ ತಿಂಗಳ ಪಿಗ್ಮಿ ಲೆಕ್ಕ ನೋಡುವುದು ಬಾಕಿ ಇದೆ." ಮೂರು ಸಾಲು, ಮೂರು ಪೂರ್ಣವಿರಾಮ. ಪತ್ರ ಸ್ವಲ್ಪ ಉದ್ದವಾಯಿತು, ಆಗಲಿ.

ಪತ್ರ ಮರುದಿನ, ಅಂದರೆ 31ರಂದು ಹೋಗೋದು. "ಇಂದಿನವರೆಗೆ" ಅಂತ ಬರೆದ ಮೇಲೆ, 31ರ ಸಂಜೆ ನಗದು ಎಣಿಸಿ ಮುಗಿಸಿದ ನಂತರವೇ ಕಳಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು.

ಆಮೇಲೆ ದುಡ್ಡು. "ಸಂಬಳ ಮತ್ತು ಪ್ರೋತ್ಸಾಹ ದನ 18500 ರೂ". 18,500 ಎರಡೂ ಸೇರಿದ್ದಾ, ಪ್ರೋತ್ಸಾಹಧನ ಒಂದರದ್ದಾ? ವಾಕ್ಯದಲ್ಲಿ ಎರಡಕ್ಕೂ ಎಡೆ ಇದೆ. ಕೇಳಿದರೆ ಅವಳ ಉತ್ತರ ಮೂರನೆಯದು: "ಅದು ಜೂನ್ ಸಂಬಳ ಅಕ್ಕ. ಪ್ರೋತ್ಸಾಹಧನ ಇನ್ನೂ ಲೆಕ್ಕ ಹಾಕಿಲ್ಲ, ವಸೂಲಿ ನೋಡಿ ಕೊಡ್ತಾರೆ." ಅವಳು ಬರೆದ ಹಾಗೇ ಹೋಗಿದ್ದರೆ, ಎರಡೂ ಸೇರಿ 18,500 ಕೊಟ್ಟು ಲೆಕ್ಕ ಚುಕ್ತಾ ಮಾಡಬಹುದಿತ್ತು. ಅವಳೇ ಅಷ್ಟು ಕೇಳಿದ್ದಾಳೆ ಅಂತ ಪತ್ರ ತೋರಿಸಬಹುದಿತ್ತು. ಮೊತ್ತವನ್ನು ಸಂಬಳದ ಪಕ್ಕಕ್ಕೆ ತಂದೆವು. ಅಲ್ಪವಿರಾಮ ಹಾಕಿ 18,500 ಮಾಡಿ, "ರೂ" ಮುಂದೆ ಚುಕ್ಕಿ ಇಟ್ಟೆವು. ದಿನಾ ಲೆಡ್ಜರಿನಲ್ಲಿ ಅಲ್ಪವಿರಾಮ ತಪ್ಪದೇ ಹಾಕುವ ಹುಡುಗಿ ಪತ್ರದಲ್ಲಿ ಯಾಕೆ ಬಿಟ್ಟಳು ಅಂದರೆ, ಅವಳ ಕೆಲಸದ ತಂತ್ರಾಂಶ ಅದನ್ನ ತಾನೇ ಹಾಕಿಕೊಳ್ಳುತ್ತೆ. ಫೋನು ಹಾಕುವುದಿಲ್ಲ.

ಇನ್ನು ತಾರೀಕು.

ಅಂಕಿಗಳನ್ನು ನಾನು ಪದದ ಹಾಗೆ ಓದುವುದಿಲ್ಲ, ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದುತ್ತೇನೆ. ಮುದ್ರಣಾಲಯದಲ್ಲಿ ಹಿರಿಯರು ಕಲಿಸಿದ್ದು. ಒಬ್ಬರು ಮೂಲ ಓದೋದು, ಇನ್ನೊಬ್ಬರು ಕರಡು ನೋಡೋದು. "ಮೂರು, ಒಂದು, ಸೊನ್ನೆ, ಆರು" ಅಂತ ನಾನು ಓದಿದೆ, ಅವಳು ಫೋನು ನೋಡುತ್ತಾ "ಹ್ಞೂಂ, ಹ್ಞೂಂ" ಅಂದಳು. ಅಂಕಿ ಹೊಂದಿತು. ಆಮೇಲೆ ಕ್ಯಾಲೆಂಡರ್ ತೆಗಿ ಅಂದೆ. ತಾರೀಕನ್ನು ಕ್ಯಾಲೆಂಡರಿನ ಮುಂದೆ ಇಟ್ಟು ನೋಡದೆ ನಾನು ಯಾವ ಪತ್ರವನ್ನೂ ಕೈಬಿಡುವುದಿಲ್ಲ. ಜೂನಿಗೆ ಮೂವತ್ತೇ ದಿನ.

ಅವಳಿಗೆ ನಂಬೋಕೇ ಆಗಲಿಲ್ಲ. "ಮಾರ್ಚ್ 31, ಮಾರ್ಚ್ 31 ಅಂತ ಬರೆದೂ ಬರೆದೂ ತಿಂಗಳ ಕೊನೆ ಅಂದ್ರೆ ಕೈಗೆ 31 ಬಂದುಬಿಡುತ್ತೆ ಅಕ್ಕ" ಅಂದಳು. ಆರ್ಥಿಕ ವರ್ಷದ ಕೊನೆಗೆ ಬದುಕು ಕಟ್ಟಿಕೊಂಡವರಿಗೆ ಅದು ಆಗೋದೇ.

ಇಲ್ಲಿ 31 ಅನ್ನೋದನ್ನ 30 ಮಾಡಿ ಮುಗಿಸಬಹುದಿತ್ತು, ಅಲ್ವಾ? ಆದರೆ ಇಲ್ಲದ ತಾರೀಕಿಗೆ ಎರಡು ಅರ್ಥ ಬರುತ್ತೆ. ಜೂನ್ 30 ಇರಬಹುದು, ಅದರ ಮಾರನೇ ದಿನ ಜುಲೈ 1 ಕೂಡ ಇರಬಹುದು. ಅವಳು ಹೊಸ ಕೆಲಸಕ್ಕೆ ಸೇರಬೇಕಾಗಿದ್ದು ಜುಲೈ 1ರ ಸೋಮವಾರ. ಒಂದೇ ದಿನ ಎರಡು ಕಡೆ ನೌಕರಿಯಲ್ಲಿದ್ದಳು ಅಂತ ಕಾಗದದಲ್ಲಿ ಬರಬಾರದು. 30 ಅಂತಲೇ ಅವಳು ಹೇಳಿದಳು. ಕ್ಯಾಲೆಂಡರ್ ಮತ್ತೆ ನೋಡಿದರೆ 30 ಭಾನುವಾರ, ಸಂಘಕ್ಕೆ ರಜೆ. ರಜೆಯ ದಿನ ಬೀಗದ ಕೈ, ಪುಸ್ತಕ, ಪಾಸ್‌ವರ್ಡ್ ಯಾರಿಗೆ ಒಪ್ಪಿಸೋದು?

"ಹಾಗಾದ್ರೆ 29 ಅಂತ ಹಾಕೋಣ" ಅಂದಳು. ಅದೂ ಸುಲಭವಲ್ಲ. ಮೇ 31ಕ್ಕೆ ತಿಳಿಸಿ ಜೂನ್ 29ಕ್ಕೆ ಸೇವೆ ಮುಗಿಸಿದರೆ ಒಂದು ತಿಂಗಳಿಗೆ ಒಂದು ದಿನ ಕಡಿಮೆ ಬೀಳುತ್ತೆ ಅಂತ ಯಾರಾದರೂ ಹೇಳಬಹುದು. ಜೂನಿನ ಪೂರ್ತಿ ಸಂಬಳದ ಮೇಲೂ ಮಾತು ಬರಬಹುದು. ಕೊನೆಗೆ ಎರಡು ತಾರೀಕನ್ನೂ ಬೇರೆ ಬೇರೆ ಕೆಲಸಕ್ಕೆ ಬರೆದೆವು. ಸೇವೆಯ ಕೊನೆಯ ದಿನ 30. ಕೆಲಸ ಒಪ್ಪಿಸೋದು 29ರ ಶನಿವಾರ. ಅವಳ ಸಂಘಕ್ಕೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. 29 ಐದನೇ ಶನಿವಾರ ಆಗಿದ್ದರಿಂದ ಕಚೇರಿ ಇತ್ತು.

ತಾರೀಕಿನ ಜೊತೆ ವಾರದ ಹೆಸರನ್ನೂ ಬರೆಸಿದೆ. ಅಂಕಿ ಒಂದು ತಪ್ಪಿದರೂ ವಾರ ಅದನ್ನು ಹಿಡಿದುಕೊಡುತ್ತೆ. "31-06" ಪಕ್ಕದಲ್ಲಿ ವಾರ ಬರೆಯೋಕೆ ಹೋಗಿದ್ದರೆ ಅವಳೇ ಅಲ್ಲಿ ನಿಲ್ಲುತ್ತಿದ್ದಳು.

ತಿದ್ದಿದ ಪತ್ರವನ್ನು ಅವಳೇ ಹೊಸದಾಗಿ ಟೈಪ್ ಮಾಡಿದಳು. ನಾನು ಟೈಪ್ ಮಾಡಿಕೊಡುವುದಿಲ್ಲ. ಅವಳ ಕೈಯಿಂದಲೇ ಹೋಗಬೇಕು, ಪ್ರತಿ ಸಾಲೂ ಅವಳಿಗೆ ಒಪ್ಪಿಗೆಯಾಗಿರಬೇಕು. ಟೈಪ್ ಮಾಡುವಾಗ "ಯಾರಿಗೆ" ಅನ್ನೋ ಜಾಗ ಖಾಲಿ ಇಡು ಅಂದಿದ್ದೆ. ವಿಳಾಸ ಹಾಕಿಟ್ಟುಕೊಂಡು ತಿದ್ದುತ್ತಾ ಕೂತರೆ, ಬೆರಳು ತಾಗಿ ಅರ್ಧ ಪತ್ರ ಹೋಗಿಬಿಡುವುದುಂಟು. ವಿಳಾಸ ಎಲ್ಲಕ್ಕಿಂತ ಕೊನೆಗೆ.

ಆದ ಮೇಲೆ ಮತ್ತೆ ಓದಿದೆವು. ತಿದ್ದುವಾಗಲೇ ಹೊಸ ತಪ್ಪು ಹುಟ್ಟುತ್ತೆ. ಹಾಗಾಗಿ ತಿದ್ದಿದ ಜಾಗವನ್ನಷ್ಟೇ ನೋಡಿದರೆ ಸಾಲದು. ಈ ಸಲ ನಾನು ಕೊನೆಯ ವಾಕ್ಯದಿಂದ ಮೇಲಕ್ಕೆ ಓದಿದೆ. ಹಾಗೆ ಓದಿದರೆ ಅರ್ಥದ ಓಟ ತಪ್ಪುತ್ತೆ, ಕಣ್ಣು ಅಕ್ಷರದ ಮೇಲೆ ನಿಲ್ಲುತ್ತೆ. ಧನ್ಯವಾದ, ಅಧ್ಯಕ್ಷರು, ಪ್ರೋತ್ಸಾಹಧನ, ಹಸ್ತಾಂತರ, ಠೇವಣಿ, ಎಲ್ಲ ಸರಿ ಇತ್ತು. ಮೇಲೆ ಮೇಲೆ ಹೋಗಿ ವಿಷಯದ ಸಾಲಿಗೆ ಬಂದರೆ ಅಲ್ಲಿ "31-06-2024 ರಿಂದ ರಾಜಿನಾಮೆ ಬಗ್ಗೆ" ಹಾಗೇ ಕೂತಿತ್ತು. ಒಳಗಿನ ಪತ್ರವನ್ನಷ್ಟೇ ಅವಳು ಹೊಸದಾಗಿ ಬರೆದಿದ್ದಳು. ವಿಷಯದ ಸಾಲು ಬೇರೆ ಪೆಟ್ಟಿಗೆಯಲ್ಲಿ ಇರುತ್ತೆ, ಅದು ಪತ್ರದ ಭಾಗ ಅಂತ ಯಾರಿಗೂ ಅನ್ನಿಸುವುದಿಲ್ಲ. ಕಾರ್ಯದರ್ಶಿಯ ಕಣ್ಣಿಗೆ ಮೊದಲು ಬೀಳೋದು ಅದೇ. ಮುದ್ರಿಸಿ ಫೈಲಿಗೆ ಹಾಕಿದರೂ ತಲೆಯ ಮೇಲೆ ಅದೇ ಇರುತ್ತೆ. ಅಲ್ಲಿಂದ ತಾರೀಕನ್ನು ಪೂರ್ತಿ ತೆಗೆಸಿದೆ. ಒಂದೇ ತಾರೀಕು ಎರಡು ಕಡೆ ಇದ್ದರೆ, ಒಂದನ್ನು ತಿದ್ದಿದಾಗ ಇನ್ನೊಂದು ಉಳಿದುಬಿಡುತ್ತೆ.

ಕೊನೆಗೆ ಪತ್ರ ಹೀಗಾಯಿತು.

ವಿಷಯ: ಅಕೌಂಟೆಂಟ್ ಹುದ್ದೆಗೆ ರಾಜೀನಾಮೆ

ಮಾನ್ಯ ಕಾರ್ಯದರ್ಶಿಗಳೇ,

ನಾನು ಸಂಘದಲ್ಲಿ 2018ರಿಂದ ಅಕೌಂಟೆಂಟ್ ಆಗಿ ಕೆಲಸ ಮಾಡುತ್ತಿದ್ದು, ವೈಯಕ್ತಿಕ ಕಾರಣದಿಂದ ನನ್ನ ಉದ್ಯೋಗಕ್ಕೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಆದೇಶದ ಪ್ರಕಾರ ಒಂದು ತಿಂಗಳು ಮುಂಚೆ ತಿಳಿಸಬೇಕಾಗಿದ್ದು, ನನ್ನ ಸೇವೆಯ ಕೊನೆಯ ದಿನ 30-06-2024, ಭಾನುವಾರ ಆಗಿರುತ್ತದೆ. ಅಂದು ರಜೆ ಇರುವುದರಿಂದ 29-06-2024ರ ಶನಿವಾರ ಕಚೇರಿ ಮುಗಿಯುವುದರೊಳಗೆ ಕೆಲಸ ಒಪ್ಪಿಸುತ್ತೇನೆ.

ಠೇವಣಿ ಖಾತೆಗಳ ಬಡ್ಡಿ ಲೆಕ್ಕ ಮುಗಿದಿದೆ. ನಗದು ಪುಸ್ತಕ ಇಂದಿನವರೆಗೆ ತಾಳೆಯಾಗಿದೆ. ಪಿಗ್ಮಿ ಲೆಕ್ಕ ಏಪ್ರಿಲ್ ಕೊನೆಯವರೆಗೆ ತಾಳೆಯಾಗಿದೆ. ಮೇ ತಿಂಗಳ ಪಿಗ್ಮಿ ಲೆಕ್ಕ ನೋಡುವುದು ಬಾಕಿ ಇದೆ. ಉಳಿದ ಕೆಲಸವನ್ನು ಹೊಸಬರಿಗೆ ಹಸ್ತಾಂತರ ಮಾಡಿ ಹೋಗುತ್ತೇನೆ. ನನಗೆ ಬರಬೇಕಾದ ಜೂನ್ ತಿಂಗಳ ಸಂಬಳ 18,500 ರೂ. ಮತ್ತು ಅದಲ್ಲದೆ ವಸೂಲಿಯ ಪ್ರೋತ್ಸಾಹಧನವನ್ನು ಕೊಡಿಸಬೇಕಾಗಿ ವಿನಂತಿ.

ಇಲ್ಲಿಯವರೆಗೆ ಸಹಕರಿಸಿದ ಅಧ್ಯಕ್ಷರು, ನಿರ್ದೇಶಕರು ಹಾಗೂ ಸಿಬ್ಬಂದಿಗೆ ಧನ್ಯವಾದಗಳು.

"ಠೇವಣಿ ಬಡ್ಡಿ ಲೆಕ್ಕ ಮುಗಿದಿದೆ" ಅನ್ನೋದು ಯಾವ ತಿಂಗಳವರೆಗೆ ಅಂತಲೂ ಕೇಳಿದೆ. ಅದು ಮಾರ್ಚ್ ಕೊನೆಗೆ ಆಗೋದು, ಅವರ ಸಂಘದಲ್ಲಿ ಎಲ್ಲರಿಗೂ ಗೊತ್ತು, ಹಾಗೇ ಇರಲಿ ಅಂದಳು. ನನಗೆ ಅದೂ ಬರೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೆ ಅವಳ ಪತ್ರ, ಅವಳ ತೀರ್ಮಾನ.

31ರ ಸಂಜೆ ನಗದು ಎಣಿಸಿ ಮುಗಿಸಿ, ಕಾರ್ಯದರ್ಶಿಗೆ ಕಳಿಸಿ, ಅಧ್ಯಕ್ಷರಿಗೂ ಒಂದು ಪ್ರತಿ ಹಾಕಿದಳು. ಅವಳ ನೇಮಕಾತಿ ಆದೇಶಕ್ಕೆ ಸಹಿ ಹಾಕಿದ್ದು ಅಧ್ಯಕ್ಷರು. ಸಂಘದಲ್ಲಿ ಇಮೇಲ್ ದಿನಾ ತೆಗೆದು ನೋಡುವವರಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಅದೇ ಪತ್ರವನ್ನು ಎರಡು ಪ್ರತಿ ಮುದ್ರಿಸಿ, ಸಹಿ ಮಾಡಿ, ಒಂದನ್ನು ಒಳಗೆ ಕೊಟ್ಟಳು. ಇನ್ನೊಂದರ ಮೇಲೆ ಸಂಘದ ಸೀಲು, ತಾರೀಕು, ಇನ್‌ವರ್ಡ್ ನಂಬರು ಹಾಕಿಸಿಕೊಂಡು ತನ್ನ ಹತ್ತಿರ ಇಟ್ಟುಕೊಂಡಳು.